ಶಾಲೆಯಲ್ಲಿ ವಿಡಿಯೊ ಮಾಡಿ ಹಾಕುವ ಬಗ್ಗೆ ಪೋಷಕರಿಗೆ ಸೂಚನೆ

ತೀರ್ಥಹಳ್ಳಿ, 24 ನವೆಂಬರ್ 2025

8, 9 ಮತ್ತು 10ನೇ ತರಗತಿಯ ಎಲ್ಲ ಪೋಷಕರಿಗೆ ನಮಸ್ಕಾರ.

ಜುಲೈ ತಿಂಗಳ ಜೋರು ಮಳೆಯಲ್ಲಿ ನಮ್ಮ ಮೈದಾನದಲ್ಲಿ ಕಬಡ್ಡಿ ಅಭ್ಯಾಸ ನಡೆದಿತ್ತು. ಒಬ್ಬ ಹುಡುಗಿ ಕೆಸರಿನಲ್ಲಿ ಜಾರಿ ಬಿದ್ದಳು. ಸಹಪಾಠಿಯೊಬ್ಬ ಅದನ್ನು ವಿಡಿಯೊ ಮಾಡಿ, ಹಾಡು ಸೇರಿಸಿ ರೀಲ್ಸ್ ಹಾಕಿದ. ಸಂಜೆಯೊಳಗೆ ಅವಳ ಊರಿನ ವಾಟ್ಸಾಪ್ ಗ್ರೂಪಿಗೂ ಬಂತು. ಮರುದಿನ ಬಸ್ಸಿನಲ್ಲಿ ಅವಳನ್ನು ನೋಡಿ ಅದೇ ಹಾಡು ಹೇಳಿದರು. ನಾಲ್ಕು ದಿನ ಅವಳು ಶಾಲೆಗೆ ಬರಲಿಲ್ಲ. ಹುಡುಗ ಕೆಟ್ಟವನಲ್ಲ. "ಸುಮ್ನೆ ತಮಾಷೆಗೆ ಹಾಕಿದ್ದು ಮೇಡಂ" ಎಂದು ಅತ್ತ, ನಮ್ಮೆದುರೇ ಅಳಿಸಿದ. ಆದರೆ ಅಷ್ಟರಲ್ಲಿ ಅದು ಎಷ್ಟೋ ಫೋನುಗಳಲ್ಲಿ ಉಳಿದುಬಿಟ್ಟಿತ್ತು.

ಡಿಸೆಂಬರ್ 13ರ ಶನಿವಾರ ಶಾಲಾ ವಾರ್ಷಿಕೋತ್ಸವ. ಅದಕ್ಕೂ ಮೊದಲು ಈ ನಿಯಮಗಳನ್ನು ದಯವಿಟ್ಟು ಮಕ್ಕಳ ಜೊತೆ ಕೂತು ಓದಿ.

ತರಗತಿ ದಿನಗಳಲ್ಲಿ ಫೋನ್ ತರುವಂತಿಲ್ಲ. ದೂರದಿಂದ ಬರುವ ಮಕ್ಕಳಿಗೆ ಬೇಕೇ ಬೇಕು ಎಂದಾದರೆ ಬೆಳಿಗ್ಗೆ ಆಫೀಸಿನಲ್ಲಿ ಕೊಟ್ಟು, ಸಂಜೆ ಬಸ್ಸಿಗೆ ಹೊರಡುವಾಗ ತೆಗೆದುಕೊಳ್ಳಲಿ. ವಾರ್ಷಿಕೋತ್ಸವ, ಕ್ರೀಡಾಕೂಟ, ಪ್ರವಾಸಗಳಲ್ಲಿ ವಿಡಿಯೊ ಮಾಡಬಹುದು. ಆದರೆ ಅದನ್ನು ಹಾಕುವ ಮೊದಲು ಕ್ಲಾಸ್ ಟೀಚರ್‌ಗೆ ತೋರಿಸಬೇಕು. ಅದರಲ್ಲಿ ಕಾಣುವ ಪ್ರತಿ ಮಗುವೂ ಒಪ್ಪಿರಬೇಕು, ಅವರ ಮನೆಯವರೂ ಒಪ್ಪಿರಬೇಕು. ಹೆಸರು, ತರಗತಿ, ಬಸ್ ಸ್ಟಾಪ್, ಲೊಕೇಶನ್ ಬೇಡ. ಲೈವ್ ಅಂತೂ ಬೇಡವೇ ಬೇಡ. ಯಾರಾದರೂ "ತೆಗಿ" ಎಂದರೆ ಕಾರಣ ಕೇಳದೆ ಅವತ್ತೇ ತೆಗೆಯಬೇಕು.

ಶೌಚಾಲಯ, ವೇಷ ಹಾಕುವ ಕೋಣೆ, ಪ್ರವಾಸದಲ್ಲಿ ಮಲಗುವ ಕೋಣೆ: ಇಲ್ಲಿ ಕ್ಯಾಮೆರಾ ತೆಗೆಯುವಂತೆಯೇ ಇಲ್ಲ. ಬಟ್ಟೆ ಬದಲಿಸುವ ಮಗುವಿನ ವಿಡಿಯೊ ಮಾಡಿದರೆ ಪೋಕ್ಸೊ ಪ್ರಕರಣ ಆಗಬಹುದು. ಅಂಥದ್ದನ್ನು ಶಾಲೆಯೊಳಗೇ ಮಾತಾಡಿ ಮುಗಿಸಲು ಬರುವುದಿಲ್ಲ, ನಾವು ಪೊಲೀಸರಿಗೆ ತಿಳಿಸಲೇಬೇಕು.

ಉಳಿದ ತಪ್ಪುಗಳಿಗೆ ಮೊದಲ ಸಲ ನಿಮ್ಮನ್ನು ಕರೆಸಿ ಮಾತಾಡುತ್ತೇವೆ, ವಿಡಿಯೊ ಅಳಿಸಬೇಕು. ಮತ್ತೆ ಹಾಗೇ ಆದರೆ ಆ ವರ್ಷದ ಕಾರ್ಯಕ್ರಮಗಳಿಗೆ ಫೋನ್ ತರುವಂತಿಲ್ಲ. ನೀವಿಲ್ಲದೆ ಯಾವ ಶಿಕ್ಷಕರೂ ನಿಮ್ಮ ಮಗುವಿನ ಫೋನ್ ತೆರೆದು ನೋಡುವುದಿಲ್ಲ.

ನಿಯಮ ನಮಗೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಇದರ ಜೊತೆಗಿರುವ ಒಪ್ಪಿಗೆ ಪತ್ರದಲ್ಲಿ "ಬೇಡ" ಎಂದು ಬರೆದರೆ ನಿಮ್ಮ ಮಗುವಿನ ಫೋಟೊ ಶಾಲೆಯ ಪುಟದಲ್ಲಿ ಬರುವುದಿಲ್ಲ. ಆದರೆ ನಾಟಕದಲ್ಲಿ, ಡ್ಯಾನ್ಸಿನಲ್ಲಿ ಮಗು ಖಂಡಿತ ಇರುತ್ತದೆ.

ನಿಮ್ಮಲ್ಲೂ ಒಂದು ಕೋರಿಕೆ. ಕಾರ್ಯಕ್ರಮದ ದಿನ ನಿಮ್ಮ ಮಗುವಿನ ವಿಡಿಯೊ ಮಾಡಿಕೊಳ್ಳಿ, ಸಂತೋಷ. ಪಕ್ಕದ ಮಗುವೂ ಅದರಲ್ಲಿದ್ದರೆ ಸ್ಟೇಟಸ್‌ಗೆ ಹಾಕುವ ಮೊದಲು ಅವರ ಮನೆಯವರನ್ನು ಕೇಳಿ. ನಾವೇ ಕೇಳದಿದ್ದರೆ ಮಕ್ಕಳು ಯಾಕೆ ಕೇಳುತ್ತಾರೆ, ಅಲ್ವಾ?

ಯಾವುದಾದರೂ ವಿಡಿಯೊದಿಂದ ನಿಮ್ಮ ಮಗುವಿಗೆ ನೋವಾಗಿದ್ದರೆ ನೇರವಾಗಿ ನನ್ನ ಬಳಿ ಬನ್ನಿ. ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಬಹುದು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ನವೆಂಬರ್ 29ರ ಶನಿವಾರದೊಳಗೆ ಕಳಿಸಿ. ಅವತ್ತು ಮಧ್ಯಾಹ್ನ 2 ಗಂಟೆಗೆ ಸಭೆಯೂ ಇದೆ. ಕೊನೆಯ ಬಸ್ಸಿಗೆ ತೊಂದರೆ ಆಗದಂತೆ ಮೂರೂವರೆಗೆ ಮುಗಿಸುತ್ತೇವೆ.

ಇಂತಿ,
ಮುಖ್ಯ ಶಿಕ್ಷಕಿ