ಜಪಮಾಲೆಯನ್ನು ಹಿಡಿಯುವ ಮತ್ತು ಎಣಿಸುವ ಕ್ರಮ

(ಅವಧಿ: ಸುಮಾರು 5 ನಿಮಿಷ. ದೃಶ್ಯ: ಬಿಳಿ ಬಟ್ಟೆಯ ಮೇಲೆ ಹರಡಿಟ್ಟ ತುಳಸೀಮಣಿಯ ಮಾಲೆ.)

ನಮಸ್ಕಾರ. ನಾಲಿಗೆ ಮಂತ್ರವನ್ನು ಮುಗಿಸುವ ಮೊದಲೇ ಬೆರಳು ಮುಂದಿನ ಮಣಿಗೆ ಜಾರಿಬಿಡುವುದು ಹೊಸಬರಲ್ಲಿ ಮಾತ್ರವಲ್ಲ, ಬಹುಕಾಲದಿಂದ ಜಪ ಮಾಡುತ್ತಿರುವವರಲ್ಲಿಯೂ ಕಾಣುವ ದೋಷ. ಜಪದಲ್ಲಿ ಮಂತ್ರ ಮುಂದೆ ನಡೆಯಬೇಕು, ಮಣಿ ಅದನ್ನು ಹಿಂಬಾಲಿಸಬೇಕು. ಈ ವಿಡಿಯೊದಲ್ಲಿ ಹೇಳುವ ಉಳಿದೆಲ್ಲ ಸೂಚನೆಗಳೂ ಈ ಒಂದು ಕ್ರಮವನ್ನು ಕಾಪಾಡುವುದಕ್ಕಾಗಿಯೇ ಇವೆ.

(ದೃಶ್ಯ: ಮೇರುಮಣಿ ಮತ್ತು ಕುಚ್ಚು ಹತ್ತಿರದಿಂದ.)

ಪೂರ್ಣ ಮಾಲೆಯಲ್ಲಿ 108 ಮಣಿಗಳಿರುತ್ತವೆ. ಕುಚ್ಚಿನ ಬಳಿ ಪ್ರತ್ಯೇಕವಾಗಿ ಎದ್ದು ನಿಂತಿರುವ ಮಣಿಯೇ ಮೇರು. ಅದು ಎಣಿಕೆಗೆ ಸೇರುವುದಿಲ್ಲ. 54 ಮಣಿಗಳ ಮಾಲೆಯಾದರೆ ಎರಡು ಸುತ್ತಿಗೆ, 27 ಮಣಿಗಳದ್ದಾದರೆ ನಾಲ್ಕು ಸುತ್ತಿಗೆ 108 ಆಗುತ್ತದೆ. ಮಣಿಗಳ ನಡುವೆ ಗಂಟು ಹಾಕಿದ ಮಾಲೆಯನ್ನೇ ಆರಿಸಿಕೊಳ್ಳಿರೆಂದು ನಾನು ಒತ್ತಿ ಹೇಳುತ್ತೇನೆ. ಗಂಟಿಲ್ಲದ ಸಡಿಲ ದಾರದಲ್ಲಿ ಎರಡು ಮಣಿಗಳು ಒಟ್ಟಿಗೆ ಸರಿದುಹೋದರೂ ಬೆರಳಿಗೆ ತಿಳಿಯುವುದಿಲ್ಲ.

(ದೃಶ್ಯ: ಬಲಗೈ ಮಾತ್ರ, ಪಕ್ಕದಿಂದ.)

ಮಾಲೆಯನ್ನು ಬಲಗೈಯ ನಡುಬೆರಳಿನ ಮೇಲೆ ಇಳಿಬಿಡಿ. ಮಾಲೆ ನಿಲ್ಲಬೇಕಾದದ್ದು ಬೆರಳಿನ ತುದಿಯಲ್ಲಲ್ಲ, ಮೊದಲ ಮತ್ತು ಎರಡನೆಯ ಗೆಣ್ಣಿನ ನಡುವಿನ ಭಾಗದಲ್ಲಿ. ಉಂಗುರ ಬೆರಳು ಮತ್ತು ಕಿರುಬೆರಳು ನಡುಬೆರಳಿಗೆ ಒರಗಿರಲಿ, ತೋರುಬೆರಳು ಮಾತ್ರ ಮಾಲೆಗೆ ತಾಗದಂತೆ ದೂರವಿರಲಿ. ತೋರುಬೆರಳು ಇತರರನ್ನು ಬೆರಳು ಮಾಡಿ ತೋರಿಸುವ, ಅಹಂಕಾರವನ್ನು ಸೂಚಿಸುವ ಬೆರಳೆಂಬ ಭಾವನೆಯಿಂದ ಸಂಪ್ರದಾಯ ಅದನ್ನು ಜಪದಿಂದ ಹೊರಗಿಟ್ಟಿದೆ. ಕೆಲವು ಪರಂಪರೆಗಳಲ್ಲಿ ಮಾಲೆಯನ್ನು ಉಂಗುರ ಬೆರಳಿನ ಮೇಲಿಟ್ಟು ಜಪಿಸುವ ಕ್ರಮವೂ ಇದೆ. ನಿಮಗೆ ಮಂತ್ರವನ್ನು ಉಪದೇಶಿಸಿದವರು ಹಾಗೆ ಹೇಳಿದ್ದರೆ ಅದನ್ನೇ ಅನುಸರಿಸಿ, ಈ ವಿಡಿಯೊ ನೋಡಿ ಬದಲಿಸಿಕೊಳ್ಳಬೇಡಿ.

(ದೃಶ್ಯ: ಹೆಬ್ಬೆರಳು ಮಣಿಯನ್ನು ಸರಿಸುವುದು, ನಿಧಾನಗತಿಯಲ್ಲಿ.)

ಮೇರುವಿನ ಪಕ್ಕದ ಮಣಿಯಿಂದ ಆರಂಭಿಸಿ. ಹೆಬ್ಬೆರಳಿನ ಮೆತ್ತನೆಯ ಭಾಗವನ್ನು ಮಣಿಯ ಮೇಲಿಡಿ, ಉಗುರು ತಾಗಬಾರದು. ಮಂತ್ರದ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೂ ಅದೇ ಮಣಿಯ ಮೇಲೆ ಬೆರಳು ನಿಂತಿರಲಿ. ಮಂತ್ರ ಪೂರ್ಣವಾದ ಮೇಲೆಯೇ ಅದನ್ನು ನಿಮ್ಮ ಕಡೆಗೆ ಎಳೆದುಕೊಂಡು ಮುಂದಿನ ಮಣಿಯನ್ನು ಹಿಡಿಯಿರಿ. ನಡುವೆ ಮನಸ್ಸು ಎಲ್ಲಿಗೋ ಹೋಗಿ, ಈ ಮಣಿಗೆ ಮಂತ್ರ ಹೇಳಿದೆನೋ ಇಲ್ಲವೋ ಎಂಬ ಸಂಶಯ ಬಂದರೆ ಹಿಂದಿನ ಮಣಿಗಳನ್ನು ತಡಕಾಡಬೇಡಿ. ಕೈಯಲ್ಲಿರುವ ಮಣಿಯ ಮೇಲೆಯೇ ಮತ್ತೊಮ್ಮೆ ಹೇಳಿ ಮುಂದುವರಿಯಿರಿ.

(ದೃಶ್ಯ: 108ನೆಯ ಮಣಿ, ಅದರ ಆಚೆ ಮೇರು. ಈ ಭಾಗವನ್ನು ಎರಡು ಬಾರಿ ತೋರಿಸಬೇಕು.)

ಹೆಚ್ಚಿನವರು ಎಡವುವುದು ಇಲ್ಲಿಯೇ. ಮೇರುವನ್ನು ದಾಟಬಾರದೆಂಬುದು ಎಲ್ಲರಿಗೂ ಗೊತ್ತು, ಆದರೆ ಮಾಲೆಯನ್ನು ತಿರುಗಿಸುವ ಬಗೆ ತಿಳಿಯದೆ ಅನೇಕರು ಎಡಗೈಯನ್ನು ತರುತ್ತಾರೆ, ಇಲ್ಲವೇ ಮಾಲೆಯನ್ನು ಮಡಿಲಲ್ಲಿಟ್ಟು ಮತ್ತೆ ಎತ್ತಿಕೊಳ್ಳುತ್ತಾರೆ. ಕೊನೆಯ ಮಂತ್ರ ಮುಗಿದ ಕೂಡಲೇ 108ನೆಯ ಮಣಿಯನ್ನು ಹೆಬ್ಬೆರಳು ಮತ್ತು ನಡುಬೆರಳಿನ ನಡುವೆ ಬಿಗಿಯಾಗಿ ಹಿಡಿಯಿರಿ. ನಡುಬೆರಳನ್ನು ಮೆಲ್ಲನೆ ಹೊರಗೆಳೆದು, ಮಾಲೆಯ ಇನ್ನೊಂದು ಬದಿಯಿಂದ ಒಳಗೆ ತೂರಿಸಿ. ಈಗ ಮೇರು ಹಿಂದಕ್ಕೆ ಹೋಗಿ, 108ನೆಯ ಮಣಿಯೇ ಹೊಸ ಸುತ್ತಿನ ಮೊದಲ ಮಣಿಯಾಗುತ್ತದೆ. ಮಂತ್ರವಿಲ್ಲದೆ ಬರಿಯ ಮಾಲೆ ಹಿಡಿದು ಇದನ್ನು ಕೆಲವು ಬಾರಿ ಅಭ್ಯಾಸ ಮಾಡಿಕೊಂಡರೆ ಜಪದ ನಡುವೆ ಗಮನ ಕದಡುವುದಿಲ್ಲ.

(ದೃಶ್ಯ: ಎಡಗೈಯ ಗೆಣ್ಣುಗಳು.)

ಸುತ್ತುಗಳ ಲೆಕ್ಕವನ್ನು ಎಡಗೈಯ ಬೆರಳುಗಳ ಮೇಲೆ ಇಟ್ಟುಕೊಳ್ಳಿ. ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳುಗಳ ಭಾಗಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದರೆ ಹನ್ನೆರಡು ಸುತ್ತುಗಳವರೆಗೆ ಎಣಿಸಬಹುದು. ಒಂದು ಸುತ್ತನ್ನು 100 ಜಪವೆಂದೇ ಲೆಕ್ಕ ಹಿಡಿದು, ಉಳಿದ ಎಂಟನ್ನು ಉಚ್ಚಾರಣೆಯಲ್ಲಿ, ಗಮನದಲ್ಲಿ ಆಗಿರಬಹುದಾದ ಲೋಪಕ್ಕೆ ಬಿಡುವ ರೂಢಿಯಿದೆ. ಹಾಗಾಗಿ ಸಾವಿರ ಜಪದ ಸಂಕಲ್ಪಕ್ಕೆ ಹತ್ತು ಸುತ್ತು ಮಾಡಬೇಕು. ಸಂಖ್ಯೆ ಮುಗಿಸುವ ಆತುರದಲ್ಲಿ ಅಕ್ಷರಗಳನ್ನು ನುಂಗುತ್ತ ಹತ್ತು ಸುತ್ತು ಓಡುವುದಕ್ಕಿಂತ ಸ್ಪಷ್ಟವಾಗಿ ಹೇಳಿದ ಮೂರು ಸುತ್ತುಗಳೇ ಲೇಸೆಂದು ನಾನು ನಂಬುತ್ತೇನೆ.

(ದೃಶ್ಯ: ಗೋಮುಖಿಯೊಳಗೆ ಕೈ, ನಂತರ ಮಾಲೆಯ ದಾರ.)

ಕುಳಿತಾಗ ಕೈಯನ್ನು ಎದೆಯ ಮಟ್ಟದಲ್ಲಿಡಿ, ಮಾಲೆ ನೆಲಕ್ಕೆ ತಾಗಬಾರದು. ಗೋಮುಖಿ ಚೀಲವಿದ್ದರೆ ಕೈಯನ್ನು ಅದರೊಳಗಿಟ್ಟೇ ಜಪಿಸಿ: ಮಾಲೆ ಮರೆಯಾಗಿರುತ್ತದೆ, ಇನ್ನೆಷ್ಟು ಮಣಿ ಉಳಿದಿದೆಯೆಂದು ಕಣ್ಣು ಹಾಯಿಸುವ ಅಭ್ಯಾಸವೂ ತಪ್ಪುತ್ತದೆ. ಜಪದ ಮಾಲೆಯನ್ನು ಕೊರಳಿಗೆ ಹಾಕಿಕೊಂಡು ಓಡಾಡದೆ, ಧರಿಸಲು ಬೇರೆ ಮಾಲೆ ಇಟ್ಟುಕೊಳ್ಳುವುದು ಪದ್ಧತಿ. ಜಪ ಮುಗಿದ ಮೇಲೆ ಮಾಲೆಯನ್ನು ಚೀಲದಲ್ಲಿ ಸಡಿಲವಾಗಿ ಸುತ್ತಿಡಿ. ಮೇರುವಿನ ಬಳಿಯ ದಾರವನ್ನು ಆಗಾಗ ಬೆಳಕಿಗೆ ಹಿಡಿದು ನೋಡುತ್ತಿರಿ. ಎಳೆ ಬಿಡತೊಡಗಿದ್ದರೆ ಹರಿದು ಮಣಿ ಚೆಲ್ಲುವವರೆಗೆ ಕಾಯದೆ ಹೊಸ ದಾರದಲ್ಲಿ ಪೋಣಿಸಿ, ಪೋಣಿಸಿದ ಮೇಲೆ 108 ಮಣಿಗಳೂ ಇವೆಯೆಂದು ಎಣಿಸಿ ನೋಡಿಕೊಳ್ಳಿ.