ಭಾಗ್ಯಶ್ರೀಯ ಹಾಜರಾತಿ ಬಗ್ಗೆ ಮನೆಯವರಿಗೆ ಪತ್ರ

ಸರ್ಕಾರಿ ಪ್ರೌಢಶಾಲೆ
ಶಹಾಪುರ ತಾಲೂಕು, ಯಾದಗಿರಿ ಜಿಲ್ಲೆ
2 ಡಿಸೆಂಬರ್ 2024

ಮಲ್ಲಪ್ಪ ಅಣ್ಣನವರಿಗೆ, ದೇವಮ್ಮ ಅಕ್ಕನವರಿಗೆ ಶರಣು.

ನಾನು ಭಾಗ್ಯಶ್ರೀಯ ಕ್ಲಾಸ್ ಟೀಚರ್, 10ನೇ ತರಗತಿ 'ಬಿ' ವಿಭಾಗ. ಶಾಲೆಯ ಸೀಲು ನೋಡಿ ಗಾಬರಿಯಾಗಬೇಡಿ. ಇದು ನೋಟಿಸ್ ಅಲ್ಲ, ಅವಳು ಏನೂ ತಪ್ಪು ಮಾಡಿಲ್ಲ. ಈ ಪತ್ರವನ್ನು ನಿಮಗೆ ಬೇರೆಯವರು ಓದಿ ಹೇಳುತ್ತಿದ್ದರೆ ಅವರಿಗೂ ಒಂದು ಮಾತು: ದಯವಿಟ್ಟು ಅರ್ಧಕ್ಕೆ ನಿಲ್ಲಿಸಬೇಡಿ, ಲೆಕ್ಕ ಇರುವ ಭಾಗವನ್ನು ನಿಧಾನಕ್ಕೆ ಎರಡು ಸಲ ಓದಿ.

ವಿಷಯ ಇಷ್ಟೇ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಶಾಲೆಯಿಂದ ಕೂರಬೇಕು ಅಂದರೆ 75 ಪರ್ಸೆಂಟ್ ಹಾಜರಾತಿ ಬೇಕು. ಜೂನ್‌ನಿಂದ ನವೆಂಬರ್ ಕೊನೆಯವರೆಗೆ ನಮ್ಮಲ್ಲಿ 132 ದಿನ ಶಾಲೆ ನಡೆದಿದೆ, ಭಾಗ್ಯಶ್ರೀ ಬಂದಿರುವುದು 85 ದಿನ. ಅಂದರೆ 64 ಪರ್ಸೆಂಟ್ ಚಿಲ್ಲರೆ. ಜುಲೈವರೆಗೆ ಅವಳದು ಚೆನ್ನಾಗೇ ಇತ್ತು. ಆಗಸ್ಟ್‌ನಲ್ಲಿ ಜ್ವರ ಬಂದು ಎಂಟು ದಿನ ಹೋಯಿತು, ಅದು ಯಾರ ಕೈಯಲ್ಲೂ ಇರಲಿಲ್ಲ. ದಸರಾ ರಜೆ ಮುಗಿದ ಮೇಲೆ ಮಾತ್ರ ಪೂರ್ತಿ ಬಿದ್ದು ಹೋಗಿದೆ. ಹಾಜರಿ ಪುಸ್ತಕದಲ್ಲಿ ನವೆಂಬರ್ ಪುಟ ತೆಗೆದರೆ ಅವಳ ಸಾಲಿನಲ್ಲಿ ಸೋಮವಾರದಿಂದ ಗುರುವಾರದವರೆಗೆ ಕೆಂಪು ಶಾಯಿ, ಶುಕ್ರವಾರ ಶನಿವಾರ ನೀಲಿ. ಹತ್ತಿ ಬಿಡಿಸುವ ಹಂಗಾಮು ಅಂತ ನಮಗೂ ಗೊತ್ತು. ಈ ಭಾಗದ ಶಾಲೆಯಲ್ಲಿ ಕೆಲಸ ಮಾಡುವವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಮುಂದಿನ ಲೆಕ್ಕ. ಫೆಬ್ರವರಿ ಕೊನೆಯವರೆಗೆ ಇನ್ನು ಸುಮಾರು 72 ದಿನ ಶಾಲೆ ಇದೆ. ಒಟ್ಟು 204 ಆಯಿತು, ಅದರ 75 ಪರ್ಸೆಂಟ್ ಅಂದರೆ 153. ಇರುವ 85 ಕಳೆದರೆ ಅವಳು ಇನ್ನೂ 68 ದಿನ ಬರಬೇಕು. ಉಳಿಯುವುದು ನಾಲ್ಕೇ ದಿನ. ಆ ನಾಲ್ಕರಲ್ಲಿ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗುವುದು ಒಂದು ಅಂದುಕೊಳ್ಳಿ, ಹೋಗಲೇಬೇಕು, ಬೇಡ ಅನ್ನುವುದಿಲ್ಲ. ಇನ್ನು ಮೂರು ದಿನ ಜ್ವರ ನೆಗಡಿಗೆ ಇರಲಿ. ಹತ್ತಿಗೆ ಒಂದು ವಾರ ಅಂತ ಕಳಿಸಿದರೆ ಮುಗಿಯಿತು, ಆಮೇಲೆ ನಾವು ಏನು ಮಾಡಿದರೂ ಲೆಕ್ಕ ಕೂಡುವುದಿಲ್ಲ. ಹಾಜರಾತಿ ಈಗ ಕಂಪ್ಯೂಟರ್‌ಗೂ ಏರುತ್ತದೆ, ಮೊದಲಿನ ಹಾಗೆ ಮಾರ್ಚ್‌ನಲ್ಲಿ ಕೂತು ಅಡ್ಜಸ್ಟ್ ಮಾಡೋಣ ಅನ್ನುವ ಮಾತೇ ಇಲ್ಲ. ಮಾಡಬಾರದು ಕೂಡ.

ಊರಲ್ಲಿ ಕೆಲವರು ಹೇಳುತ್ತಾರೆ, ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಒಂದು ಹೋದರೆ ಇನ್ನೊಂದು ಅಂತ. ಅದು ಫೇಲಾದವರಿಗೆ, ಮಾರ್ಕ್ಸ್ ಜಾಸ್ತಿ ಬೇಕು ಅನ್ನುವವರಿಗೆ ಮಾಡಿದ ಅನುಕೂಲ. ಅದನ್ನು ನಂಬಿ ಹಾಜರಾತಿ ಬಿಡಬೇಡಿ. ಇನ್ನೊಂದು ಏನೆಂದರೆ, ಎಲ್ಲ ವಿಷಯಕ್ಕೂ 20 ಅಂಕ, ಕನ್ನಡಕ್ಕೆ 25 ಅಂಕ ಶಾಲೆಯಲ್ಲೇ ಕೊಡುವಂಥವು. ಕ್ಲಾಸಿನಲ್ಲಿ ಮಾಡುವ ಚಟುವಟಿಕೆ, ಕಿರುಪರೀಕ್ಷೆ ನೋಡಿ ಕೊಡುತ್ತೇವೆ. ಬಂದರೆ ತಾನಾಗೇ ಸಿಗುವ ಅಂಕಗಳವು, ಸುಮ್ನೆ ಯಾಕೆ ಕಳೆದುಕೊಳ್ಳಬೇಕು?

ಅವಳ ಗಣಿತದ ನೋಟ್‌ಬುಕ್ ಮೊನ್ನೆ ನೋಡಿದೆ. ವರ್ಗ ಸಮೀಕರಣದ ಪಾಠಕ್ಕೆ ಹೆಸರು ಬರೆದು, ಕೆಳಗೆ ಸ್ಕೇಲ್ ಇಟ್ಟು ಎರಡು ಗೆರೆ ಎಳೆದು, ಐದು ಪುಟ ಖಾಲಿ ಬಿಟ್ಟಿದ್ದಾಳೆ. ಯಾಕಮ್ಮಾ ಅಂತ ಕೇಳಿದರೆ, "ಗೆಳತಿ ನೋಟ್ಸ್ ಕೊಡ್ತೀನಿ ಅಂದಾಳ್ರೀ ಮೇಡಂ, ಬರ್ಕೋಬೇಕು" ಅಂದಳು. ಬಿಡುವ ಮನಸ್ಸಿದ್ದ ಹುಡುಗಿ ಪುಟ ಖಾಲಿ ಬಿಡುವುದಿಲ್ಲ, ಅಲ್ವಾ? ಕನ್ನಡದಲ್ಲಂತೂ ಅವಳದು ತರಗತಿಗೇ ಒಳ್ಳೆಯ ಕೈ. ಅರ್ಧವಾರ್ಷಿಕದಲ್ಲಿ ಅವಳು ಬರೆದ ಪ್ರಬಂಧವನ್ನು ನಮ್ಮ ಕನ್ನಡ ಸರ್ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ತೋರಿಸಿದರು. ಇದನ್ನು ಅವಳು ಮನೆಯಲ್ಲಿ ಹೇಳಿರಲಿಕ್ಕಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹತ್ತಿ ಬಿಡಿಸಿದ ಕೂಲಿ ತೂಕದ ಮೇಲೆ ಕೈಗೆ ಬರುತ್ತದೆ, ಶಾಲೆಗೆ ಬಂದರೆ ಕೈಗೆ ಏನೂ ಬರುವುದಿಲ್ಲ, ಈ ಕಷ್ಟ ನಮಗೆ ಅರ್ಥವಾಗುತ್ತದೆ. ಸಾಲ ಇದ್ದರೆ ಮನೆಯಲ್ಲಿ ಎಷ್ಟು ಕೈ ಇದ್ದರೂ ಸಾಲುವುದಿಲ್ಲ. ಅದಕ್ಕೆ ಸುಮ್ಮನೆ ಕಳಿಸಿ ಕಳಿಸಿ ಅನ್ನುವ ಬದಲು ನಮ್ಮ ಕೈಯಲ್ಲಿ ಏನಾಗುತ್ತದೋ ಅದನ್ನು ಹೇಳುತ್ತೇನೆ.

ತಮ್ಮನನ್ನು ನೋಡಿಕೊಳ್ಳಲು ಅವಳು ಮನೆಯಲ್ಲಿ ಉಳಿಯುತ್ತಿದ್ದಾಳೆ ಅಂತ ಅವಳ ಗೆಳತಿಯರಿಂದ ಗೊತ್ತಾಯಿತು. ಹುಡುಗನಿಗೆ ನಾಲ್ಕು ವರ್ಷವಂತೆ. ನಿಮ್ಮ ಓಣಿಯ ಅಂಗನವಾಡಿ ಟೀಚರ್ ಜೊತೆ ನಾನು ಮಾತಾಡಿದ್ದೇನೆ, ಕಳಿಸಿ ಅಂದಿದ್ದಾರೆ. ಅಲ್ಲಿ ಊಟವೂ ಇದೆ. ಅದು ಬಿಟ್ಟ ಮೇಲೆ ನೀವು ಹೊಲದಿಂದ ಬರುವವರೆಗೆ ಯಾರು ನೋಡಬೇಕು ಅನ್ನುವುದೇ ಪ್ರಶ್ನೆ, ಅದನ್ನು ಅಜ್ಜಿ ಜೊತೆ ಕೂತು ಮಾತಾಡೋಣ.

ಸುಗ್ಗಿ ಮುಗಿದ ಮೇಲೆ ನೀವು ಬೆಂಗಳೂರಿಗೆ ದುಡಿಯಲು ಹೋಗುವ ವಿಚಾರ ಇದೆಯಂತೆ. ಹೋಗುವುದಾದರೆ ಹೋಗಿ, ಅದು ನಿಮ್ಮ ಸಂಸಾರದ ಮಾತು. ಆದರೆ ಮಾರ್ಚ್‌ನಲ್ಲಿ ಶುರುವಾಗುವ ಪರೀಕ್ಷೆ ಮುಗಿಯುವವರೆಗೆ ಭಾಗ್ಯಶ್ರೀಯನ್ನು ಕರೆದುಕೊಂಡು ಹೋಗಬೇಡಿ. ಅಜ್ಜಿ ಹತ್ತಿರ ಬಿಡಲು ಮನಸ್ಸಿಲ್ಲದಿದ್ದರೆ ಶಹಾಪುರದ ಬಾಲಕಿಯರ ಹಾಸ್ಟೆಲ್‌ನಲ್ಲಿ ಜಾಗ ಇದೆಯಾ ಅಂತ ಹೆಡ್‌ಮಾಸ್ಟರ್ ವಾರ್ಡನ್ ಹತ್ತಿರ ವಿಚಾರಿಸುತ್ತಾರೆ. ಸಿಗುತ್ತದೆ ಅಂತ ಈಗಲೇ ಮಾತು ಕೊಡಲಾರೆ. ಜಾತಿ, ಆದಾಯ ಪ್ರಮಾಣಪತ್ರ ಮತ್ತು ಆಧಾರ್ ಜೆರಾಕ್ಸ್ ತೆಗೆದಿಟ್ಟಿರಿ. ಅಲ್ಲಿಂದ ನಮ್ಮ ಶಾಲೆಗೆ ಸರ್ಕಾರಿ ಬಸ್ಸಿದೆ, ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಆಧಾರ್ ತೋರಿಸಿದರೆ ಆಯಿತು.

ತಪ್ಪಿದ ಪಾಠ ನಮ್ಮ ಜವಾಬ್ದಾರಿ. ಸಂಜೆ ಶಾಲೆ ಬಿಟ್ಟ ಮೇಲೆ ಒಂದು ತಾಸು ಗಣಿತ, ವಿಜ್ಞಾನ ಹೇಳಿಕೊಡುತ್ತಿದ್ದೇವೆ. ಅವಳಿಗೆ ಅಂತ ಹಿಂದಿನ ಪಾಠದಿಂದ ಶುರು ಮಾಡುತ್ತೇನೆ. ನಿಮ್ಮೂರಿನ ಇನ್ನೂ ಮೂವರು ಹುಡುಗಿಯರು ಇದ್ದಾರೆ, ಕೂಡಿಯೇ ಮನೆಗೆ ಬರುತ್ತಾರೆ, ಕತ್ತಲಾಗುವ ಮೊದಲೇ ಬಿಡುತ್ತೇವೆ. ಮುಟ್ಟಿನ ದಿನಗಳಲ್ಲಿ ಅವಳು ಬರುವುದಿಲ್ಲ ಅಂತಲೂ ಗಮನಿಸಿದ್ದೇನೆ. ದೇವಮ್ಮ ಅಕ್ಕ, ಇದನ್ನು ನಿಮಗೆ ಮಾತ್ರ ಹೇಳುವುದು: ಶಾಲೆಯಲ್ಲಿ ಪ್ಯಾಡ್ ಇಟ್ಟಿದ್ದೇವೆ, ನನ್ನನ್ನು ಕೇಳಿದರೆ ಸಾಕು. ಹೊಟ್ಟೆನೋವು ಜಾಸ್ತಿ ಇದ್ದರೆ ಆರೋಗ್ಯ ಕೇಂದ್ರಕ್ಕೆ ತೋರಿಸೋಣ, ತಿಂಗಳು ತಿಂಗಳು ಮನೆಯಲ್ಲಿ ಮಲಗಿಸಬೇಡಿ.

ಆಗಸ್ಟ್ ಜ್ವರದ ದವಾಖಾನೆ ಚೀಟಿ, ಔಷಧಿ ರಸೀದಿ ಏನಿದ್ದರೂ ಹುಡುಕಿ ಕಳಿಸಿ. ಕಡತದಲ್ಲಿ ಇಟ್ಟರೆ ನಾಳೆ ಮೇಲಿನವರು ಕೇಳಿದಾಗ ತೋರಿಸಬಹುದು.

ಇದೇ ಗುರುವಾರ ಇಲ್ಲವೇ ಶನಿವಾರ ನಿಮ್ಮಿಬ್ಬರಲ್ಲಿ ಒಬ್ಬರು ಶಾಲೆಗೆ ಬನ್ನಿ. ಶನಿವಾರ ಬೆಳಗಿನ ಶಾಲೆ, ಹನ್ನೊಂದೂವರೆಗೆ ಮುಗಿಯುತ್ತದೆ, ಆಮೇಲೆ ಹೊಲಕ್ಕೆ ಹೋಗಬಹುದು. ಹಗಲು ಬಿಡುವಿಲ್ಲ ಅಂದರೆ ಹೇಳಿ, ಹೆಡ್‌ಮಾಸ್ಟರ್ ಮತ್ತು ನಾನು ಸಂಜೆ ನಿಮ್ಮ ಮನೆಗೇ ಬರುತ್ತೇವೆ, ಒಂದು ಕಪ್ ಚಹಾ ಸಾಕು, ಬೇರೆ ಏನೂ ಮಾಡಬೇಡಿ. ನನ್ನ ನಂಬರ್ ಅವಳ ಡೈರಿಯ ಮೊದಲ ಪುಟದಲ್ಲಿದೆ. ಮಿಸ್ಡ್ ಕಾಲ್ ಕೊಟ್ಟರೂ ನಡೆಯುತ್ತದೆ, ನಾನೇ ಮಾಡುತ್ತೇನೆ.

ಈ ಪತ್ರ ಓದಿದ ಮೇಲೆ ಅವಳನ್ನು ಬೈಯಬೇಡಿ. ನಾಳೆ ಮಂಗಳವಾರ ಮೊದಲ ಪೀರಿಯಡ್ ಗಣಿತ, ಒಂಬತ್ತೂವರೆಯ ಬಸ್ಸಿಗೆ ಹತ್ತಿಸಿ.

ಇಂತಿ,
ತರಗತಿ ಶಿಕ್ಷಕಿ, 10ನೇ 'ಬಿ'
ಮುಖ್ಯ ಶಿಕ್ಷಕರ ಒಪ್ಪಿಗೆಯ ಮೇರೆಗೆ