ಉಡುಪಿ ಮಳಿಗೆಯಲ್ಲಿ ಈಗ ದೊರೆಯುವ ಐದು ಟಿವಿಗಳು: ವಿವರ ಮತ್ತು ಬೆಲೆ

ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಮಾತುಗಳನ್ನು ಇಲ್ಲಿ ಅರ್ಥವಾಗುವ ಕನ್ನಡದಲ್ಲಿ ಬಿಡಿಸಿ ಹೇಳಿದ್ದೇವೆ. ಒಂದೊಂದು ಟಿವಿ ಯಾವ ಮನೆಗೆ ಹೊಂದುತ್ತದೆ, ಯಾವ ಮನೆಗೆ ಹೊಂದುವುದಿಲ್ಲ ಎಂಬುದನ್ನೂ ಸೇರಿಸಿದ್ದೇವೆ. ಬೆಲೆಗಳೆಲ್ಲ ಜಿಎಸ್‌ಟಿ ಸೇರಿದವು. ಟಿವಿಯ ಅಳತೆಯನ್ನು ಪರದೆಯ ಒಂದು ಮೂಲೆಯಿಂದ ಎದುರಿನ ಮೂಲೆಗೆ ಓರೆಯಾಗಿ ಹಿಡಿಯುವುದರಿಂದ 43 ಇಂಚಿನ ಟಿವಿಯ ಅಗಲ 43 ಇಂಚು ಇರುವುದಿಲ್ಲ. ಶೋಕೇಸಿನೊಳಗೆ ಇಡುವವರಿಗೆ ಅಗಲ, ಎತ್ತರಗಳೇ ಮುಖ್ಯವಾದ ಕಾರಣ ಅವನ್ನು ಸೆಂಟಿಮೀಟರಿನಲ್ಲಿ ಬೇರೆಯಾಗಿ ಕೊಟ್ಟಿದ್ದೇವೆ. ಇವು ಚಿತ್ರ ಮೂಡುವ ಭಾಗದ ಅಳತೆಗಳು. ಅಂಚಿನ ಚೌಕಟ್ಟಿಗೆ ಪ್ರತಿ ಬದಿಯಲ್ಲೂ ಒಂದೆರಡು ಸೆಂಟಿಮೀಟರ್ ಹೆಚ್ಚು ಜಾಗ ಬಿಡಿ.

1. 32 ಇಂಚು, ಎಚ್‌ಡಿ ರೆಡಿ, 60 ಹರ್ಟ್ಸ್ — ₹11,490

ಪರದೆಯ ಅಗಲ 71 ಸೆಂ.ಮೀ., ಎತ್ತರ 40 ಸೆಂ.ಮೀ. ಪರದೆಯ ಮೇಲೆ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕೆಗಳಿವೆ. ಚಿತ್ರ ಮೂಡುವುದು ಈ ಚುಕ್ಕೆಗಳಿಂದಲೇ. ಆರು ಅಡಿ ಅಥವಾ ಅದಕ್ಕಿಂತ ದೂರದಲ್ಲಿ ಕುಳಿತವರ ಕಣ್ಣಿಗೆ ಈ ಅಳತೆಯ ಪರದೆಯ ಚುಕ್ಕೆಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. ಆದ್ದರಿಂದ ಮಲಗುವ ಕೋಣೆಗೆ, ಅಡುಗೆಮನೆಯ ಪಕ್ಕದ ಊಟದ ಜಾಗಕ್ಕೆ ಅಥವಾ ಬಾಡಿಗೆ ರೂಮಿಗೆ ಇದು ಸಾಕಾಗುತ್ತದೆ. ಕಂಪ್ಯೂಟರಿಗೆ ಜೋಡಿಸಿ ಹತ್ತಿರ ಕುಳಿತು ಓದಲು ಬರೆಯಲು ಇದನ್ನು ಕೊಳ್ಳಬೇಡಿ. ಸಣ್ಣ ಅಕ್ಷರಗಳ ಅಂಚು ಒರಟಾಗಿ ಕಾಣುತ್ತದೆ.

ಹಿಂಬದಿಯಲ್ಲಿ ಎರಡು ಎಚ್‌ಡಿಎಂಐ, ಒಂದು ಯುಎಸ್‌ಬಿ, ಒಂದು ಆಂಟೆನಾ ಕಿಂಡಿ ಮತ್ತು ಒಂದು ಎವಿ ಕಿಂಡಿ ಇವೆ. ಹಳೆಯ ಡಿಡಿ ಫ್ರೀ ಡಿಶ್ ಬಾಕ್ಸ್‌ಗಳಿಂದ ಹಳದಿ, ಕೆಂಪು, ಬಿಳಿ ಬಣ್ಣದ ಮೂರು ತುದಿಗಳ ವಯರ್ ಬರುತ್ತದೆಯಲ್ಲ, ಅದನ್ನು ಜೋಡಿಸುವುದು ಈ ಎವಿ ಕಿಂಡಿಗೆ. ಅಂಥ ಬಾಕ್ಸ್ ಮನೆಯಲ್ಲಿದ್ದರೆ ದಯವಿಟ್ಟು ಮೊದಲೇ ತಿಳಿಸಿ, ಏಕೆಂದರೆ ಇಲ್ಲಿ ಮೂರೂ ತುದಿಗಳು ಸೇರಿ ಒಂದೇ ಸಣ್ಣ ಕಿಂಡಿಗೆ ಹೋಗುತ್ತವೆ ಮತ್ತು ಅದಕ್ಕೆ ಬೇಕಾದ ಜೋಡಣೆಯ ತುಂಡನ್ನು ನಾವು ಟಿವಿಯ ಜೊತೆಗೇ ಕೊಡುತ್ತೇವೆ.

2. 43 ಇಂಚು, ಫುಲ್ ಎಚ್‌ಡಿ, ಐಪಿಎಸ್ ಪ್ಯಾನೆಲ್, 60 ಹರ್ಟ್ಸ್ — ₹19,900

ಪರದೆಯ ಅಗಲ 95 ಸೆಂ.ಮೀ., ಎತ್ತರ 54 ಸೆಂ.ಮೀ. ಚುಕ್ಕೆಗಳು ಅಡ್ಡಕ್ಕೆ 1920, ಉದ್ದಕ್ಕೆ 1080. ಒಟ್ಟು ಸುಮಾರು 20.7 ಲಕ್ಷ.

43 ಇಂಚಿನಲ್ಲಿ 4ಕೆ ತೆಗೆದುಕೊಳ್ಳುವುದೇ ಒಳ್ಳೆಯದಲ್ಲವೇ ಎಂದು ಬಹಳ ಮಂದಿ ಕೇಳುತ್ತಾರೆ. 4ಕೆ ಪರದೆಯಲ್ಲಿ ಇದರ ನಾಲ್ಕು ಪಟ್ಟು, ಅಂದರೆ ಸುಮಾರು 83 ಲಕ್ಷ ಚುಕ್ಕೆಗಳು ಇರುವುದು ನಿಜ. ಆದರೆ 43 ಇಂಚಿನ ಫುಲ್ ಎಚ್‌ಡಿ ಪರದೆಯ ಚುಕ್ಕೆಗಳು ಸಾಮಾನ್ಯ ದೃಷ್ಟಿಯವರಿಗೆ ಐದೂವರೆ ಅಡಿಗಿಂತ ಹತ್ತಿರ ಬಂದಾಗ ಮಾತ್ರ ಬೇರೆ ಬೇರೆಯಾಗಿ ಕಾಣಲು ತೊಡಗುತ್ತವೆ. ನಮ್ಮ ಕಡೆಯ ಮನೆಗಳಲ್ಲಿ ಟಿವಿಗೂ ಸೋಫಾಕ್ಕೂ ನಡುವೆ ಎಂಟು, ಹತ್ತು ಅಡಿ ಇರುವುದೇ ಹೆಚ್ಚು. ಅಷ್ಟು ದೂರದಿಂದ ನೋಡುವವರು 4ಕೆಗೆಂದು ಹೆಚ್ಚು ಹಣ ಕೊಡುವುದಕ್ಕಿಂತ, ಅದೇ ಹಣವನ್ನು ಕೂಡಿಸಿ ದೊಡ್ಡ ಪರದೆಯನ್ನು ಕೊಳ್ಳುವುದು ಮೇಲೆಂದು ನಮ್ಮ ಅಭಿಪ್ರಾಯ. ಅಂಗಡಿಗೆ ಬರುವ ಮೊದಲು ಮನೆಯಲ್ಲಿ ಟೇಪು ಹಿಡಿದು ಆ ದೂರವನ್ನು ಅಳೆದುಕೊಂಡು ಬನ್ನಿ.

ಪ್ಯಾನೆಲ್ ಎಂದರೆ ಚಿತ್ರ ಮೂಡುವ ಫಲಕ. ಎಲ್‌ಇಡಿ ಟಿವಿ ಎಂದು ಮಾರಾಟವಾಗುವ ಟಿವಿಗಳಲ್ಲಿ ಈ ಫಲಕಕ್ಕೆ ಸ್ವಂತ ಬೆಳಕಿಲ್ಲ. ಹಿಂದೆ ಸದಾ ಉರಿಯುವ ಎಲ್‌ಇಡಿ ದೀಪಗಳಿರುತ್ತವೆ. ಮುಂದಿನ ದ್ರವ ಸ್ಫಟಿಕದ ಪದರವು ಕಿಟಕಿಯ ಪಟ್ಟಿಗಳಂತೆ ಅಲ್ಲಲ್ಲಿ ತೆರೆದು, ಅಲ್ಲಲ್ಲಿ ಮುಚ್ಚಿ ಬೆಳಕನ್ನು ಹಾಯಿಸುತ್ತದೆ. ಐಪಿಎಸ್ ಬಗೆಯ ಫಲಕವನ್ನು ಬದಿಯಿಂದ ನೋಡಿದರೂ ಬಣ್ಣ ಅಷ್ಟಾಗಿ ಮಾಸುವುದಿಲ್ಲ. ಉದ್ದನೆಯ ಚಾವಡಿಯಲ್ಲಿ ಕೆಲವರು ಎದುರಿಗೆ, ಕೆಲವರು ಬಾಗಿಲ ಬಳಿ, ಅಜ್ಜಿ ಗೋಡೆಯ ಬದಿಯ ಮಂಚದಲ್ಲಿ ಕುಳಿತು ನೋಡುವ ಮನೆಗೆ ಈ ಗುಣ ಬಹಳ ಬೇಕಾದದ್ದು. ಇದರ ಕೊರತೆಯನ್ನೂ ಹೇಳಬೇಕು: ದೀಪ ಆರಿಸಿ ನೋಡುವಾಗ ಕಪ್ಪು ಬಣ್ಣ ಸ್ವಲ್ಪ ಬೂದಿಯಾಗಿ ಕಾಣುತ್ತದೆ.

ಎರಡು ಎಚ್‌ಡಿಎಂಐ, ಎರಡು ಯುಎಸ್‌ಬಿ, ಎವಿ ಮತ್ತು ಆಂಟೆನಾ ಕಿಂಡಿಗಳಿವೆ. ಸೆಟ್‌ಟಾಪ್ ಬಾಕ್ಸ್ ಹಾಗೂ ಸೌಂಡ್‌ಬಾರ್ ಎರಡನ್ನೂ ಎಚ್‌ಡಿಎಂಐಗೆ ಜೋಡಿಸಿದರೆ ಮೂರನೆಯದಕ್ಕೆ ಜಾಗ ಉಳಿಯುವುದಿಲ್ಲ ಎಂಬುದನ್ನು ಗಮನಿಸಿ.

3. 55 ಇಂಚು, 4ಕೆ, ವಿಎ ಪ್ಯಾನೆಲ್, 60 ಹರ್ಟ್ಸ್ — ₹36,500

ಪರದೆಯ ಅಗಲ 122 ಸೆಂ.ಮೀ., ಎತ್ತರ 68 ಸೆಂ.ಮೀ. ಈ ಅಳತೆಯಲ್ಲಿ ಫುಲ್ ಎಚ್‌ಡಿ ಇದ್ದಿದ್ದರೆ ಏಳು ಅಡಿಯೊಳಗೆ ಕುಳಿತವರಿಗೆ ಚಿತ್ರ ಒರಟೆನಿಸುತ್ತಿತ್ತು. 4ಕೆ ಆದುದರಿಂದ ನಾಲ್ಕು ಅಡಿಯವರೆಗೂ ನುಣುಪಾಗಿಯೇ ಕಾಣುತ್ತದೆ. 4ಕೆಯ ನಿಜವಾದ ಉಪಯೋಗ ಶುರುವಾಗುವುದು ಇಂಥ ದೊಡ್ಡ ಪರದೆಗಳಲ್ಲಿ.

ವಿಎ ಬಗೆಯ ಫಲಕವು ಹಿಂದಿನ ಬೆಳಕನ್ನು ಐಪಿಎಸ್‌ಗಿಂತ ಬಿಗಿಯಾಗಿ ತಡೆಯುವುದರಿಂದ ಕಪ್ಪು ಗಾಢವಾಗಿ ಮೂಡುತ್ತದೆ. ಗದ್ದೆಯಲ್ಲಿ ರಂಗಸ್ಥಳ ಹಾಕಿ ನಡುರಾತ್ರಿ ಚಿತ್ರೀಕರಿಸಿದ ಯಕ್ಷಗಾನವನ್ನು ಇದರಲ್ಲಿ ಹಾಕಿ ನೋಡಿ. ಹಿಂದಿನ ಕತ್ತಲು ಕತ್ತಲಾಗಿಯೇ ಉಳಿದು, ವೇಷದ ಕಿರೀಟ, ಭುಜಕೀರ್ತಿಗಳ ಹೊಳಪು ಅದರಿಂದ ಬಿಡಿಸಿಕೊಂಡು ಕಾಣುತ್ತದೆ. ಮಳಿಗೆಯ ಒಳಕೋಣೆಯಲ್ಲಿ ದೀಪ ಆರಿಸಿ, ಎರಡನೆಯ ಟಿವಿಯ ಪಕ್ಕದಲ್ಲೇ ಇಟ್ಟು ಇದನ್ನು ತೋರಿಸುತ್ತೇವೆ. ಆದರೆ ತೀರಾ ಬದಿಯಿಂದ ನೋಡಿದರೆ ಬಣ್ಣ ತೆಳುವಾಗುತ್ತದೆ, ಹಾಗಾಗಿ ಎಲ್ಲರೂ ಎದುರಿಗೆ ಕುಳಿತುಕೊಳ್ಳುವ ಹಾಲ್‌ಗೆ ಇದು ತಕ್ಕದ್ದು.

ಟಿವಿ 4ಕೆ ಆದ ಮಾತ್ರಕ್ಕೆ ಬರುವ ಕಾರ್ಯಕ್ರಮವೆಲ್ಲ 4ಕೆ ಆಗುವುದಿಲ್ಲ. ಕೇಬಲ್ ಮತ್ತು ಡಿಶ್‌ನ ಎಚ್‌ಡಿ ವಾಹಿನಿಗಳ ಚಿತ್ರ ಸಾಮಾನ್ಯವಾಗಿ 1080 ಸಾಲುಗಳದ್ದು. ಉಳಿದ ಚುಕ್ಕೆಗಳನ್ನು ಟಿವಿಯೇ ಲೆಕ್ಕ ಹಾಕಿ ತುಂಬಿಸುತ್ತದೆ. ಎಚ್‌ಡಿ ಅಲ್ಲದ ವಾಹಿನಿಗಳು ಇಷ್ಟು ದೊಡ್ಡ ಪರದೆಯಲ್ಲಿ ಮಸುಕಾಗಿಯೇ ಕಾಣುತ್ತವೆ, ಅದು ಟಿವಿಯ ದೋಷವಲ್ಲ. ಇಂಟರ್ನೆಟ್ ಮೂಲಕ 4ಕೆ ಚಿತ್ರ ನೋಡಲು ಸೆಕೆಂಡಿಗೆ 15ರಿಂದ 25 ಮೆಗಾಬಿಟ್ ವೇಗದ ಸಂಪರ್ಕ ಬೇಕು.

ಮೂರು ಎಚ್‌ಡಿಎಂಐ, ಎರಡು ಯುಎಸ್‌ಬಿ, ಒಂದು ಇಂಟರ್ನೆಟ್ ಕೇಬಲ್ ಕಿಂಡಿ, ಒಂದು ಆಪ್ಟಿಕಲ್ ಧ್ವನಿ ಕಿಂಡಿ ಇವೆ. ರೂಟರ್ ಹತ್ತಿರವೇ ಇದ್ದರೆ ವೈಫೈಗಿಂತ ಕೇಬಲ್ ಎಳೆಯುವುದೇ ಒಳ್ಳೆಯದು. ದಪ್ಪನೆಯ ಕೆಂಪುಕಲ್ಲಿನ ಗೋಡೆಗಳನ್ನು ದಾಟುವಾಗ ವೈಫೈ ಬಹಳ ಕುಗ್ಗುತ್ತದೆ. ಎವಿ ಕಿಂಡಿ ಇದರಲ್ಲಿ ಇಲ್ಲ.

4. 55 ಇಂಚು, 4ಕೆ, ಕ್ಯೂಎಲ್‌ಇಡಿ, 120 ಹರ್ಟ್ಸ್ — ₹58,900

ಅಳತೆ ಮತ್ತು ಚುಕ್ಕೆಗಳ ಎಣಿಕೆ ಮೂರನೆಯದರಷ್ಟೇ. ಕ್ಯೂಎಲ್‌ಇಡಿ ಎಂದರೆ ಹಿಂದಿನ ಬೆಳಕಿಗೂ ಫಲಕಕ್ಕೂ ನಡುವೆ ಬಣ್ಣವನ್ನು ಶುದ್ಧಗೊಳಿಸುವ ಅತಿ ಸೂಕ್ಷ್ಮ ಕಣಗಳ ಪದರವೊಂದು ಹೆಚ್ಚಿಗೆ ಇರುವ ಟಿವಿ. ಕೆಂಪು, ಹಸಿರುಗಳು ಇದರಲ್ಲಿ ತುಂಬಿಕೊಂಡು ಕಾಣುತ್ತವೆ. ಹೆಸರು ಹತ್ತಿರವಿದ್ದರೂ ಮುಂದೆ ಹೇಳುವ ಓಎಲ್‌ಇಡಿಗೂ ಇದಕ್ಕೂ ಸಂಬಂಧವಿಲ್ಲ.

ಬೆಲೆ ಏರಿರುವುದು ಮುಖ್ಯವಾಗಿ 120 ಹರ್ಟ್ಸ್‌ನಿಂದಾಗಿ. ಹರ್ಟ್ಸ್ ಎಂದರೆ ಪರದೆಯು ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಚಿತ್ರವನ್ನು ಹೊಸದಾಗಿ ಮೂಡಿಸಬಲ್ಲದು ಎಂಬ ಎಣಿಕೆ. ಸಿನಿಮಾಗಳನ್ನು ಸೆಕೆಂಡಿಗೆ 24 ಚಿತ್ರಗಳಂತೆ ತೆಗೆಯುತ್ತಾರೆ. 60ನ್ನು 24ರಿಂದ ಸಮನಾಗಿ ಭಾಗಿಸಲಾಗದ ಕಾರಣ 60 ಹರ್ಟ್ಸ್ ಪರದೆಯಲ್ಲಿ ಒಂದು ಚಿತ್ರ ಮೂರು ಸಲ, ಮುಂದಿನದು ಎರಡು ಸಲ ಮೂಡುತ್ತದೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಚಲಿಸುವಾಗ ಸೂಕ್ಷ್ಮವಾಗಿ ನೋಡುವವರಿಗೆ ಅದರ ತಡವರಿಕೆ ತಿಳಿಯುತ್ತದೆ. 120ರಲ್ಲಿ ಪ್ರತಿಯೊಂದು ಚಿತ್ರವೂ ಸರಿಯಾಗಿ ಐದು ಸಲ ಮೂಡುತ್ತದೆ. ಗೇಮ್ ಆಡುವವರಿಗೆ ಲಾಭ ಇನ್ನೂ ಹೆಚ್ಚು, ಏಕೆಂದರೆ ಹೊಸ ಗೇಮ್ ಕನ್ಸೋಲ್‌ಗಳು ಕೆಲವು ಆಟಗಳಲ್ಲಿ ಸೆಕೆಂಡಿಗೆ 120 ಚಿತ್ರಗಳನ್ನು ನಿಜವಾಗಿಯೇ ಕಳಿಸುತ್ತವೆ.

ಟಿವಿಯಲ್ಲಿ ಕ್ರಿಕೆಟ್, ಕಂಬಳಗಳ ನೇರಪ್ರಸಾರವನ್ನಷ್ಟೇ ನೋಡುವವರಿಗೆ ನಾವು ಇದನ್ನು ಸೂಚಿಸುವುದಿಲ್ಲ. ನಮ್ಮ ದೇಶದ ವಾಹಿನಿಗಳ ಪ್ರಸಾರ ಸೆಕೆಂಡಿಗೆ 50ರ ಲೆಕ್ಕದ್ದು. ಅದನ್ನು ತೋರಿಸಲು ಮೂರನೆಯ ಟಿವಿಯೇ ಸಾಕು. ಈ ಟಿವಿ ಇಲ್ಲದ ಚಿತ್ರಗಳನ್ನು ತಾನೇ ಕಲ್ಪಿಸಿ ನಡುವೆ ಸೇರಿಸಬಲ್ಲದು, ಆದರೆ ಕೋಣಗಳ ಕಾಲಿನಿಂದ ಸಿಡಿಯುವ ಕೆಸರುನೀರಿನಂಥ ಸೂಕ್ಷ್ಮ ಚಲನೆಯ ಸುತ್ತ ಆಗ ಮಸುಕು ಕಲೆಗಳು ಏಳುವುದುಂಟು. ಆ ಸೌಲಭ್ಯವನ್ನು ಆರಿಸಿಯೇ ನಾವು ಟಿವಿಯನ್ನು ಹೊಂದಿಸಿಕೊಡುತ್ತೇವೆ. ಬೇರೆಡೆ ವಿಚಾರಿಸುವಾಗಲೂ ಒಂದು ಎಚ್ಚರವಿರಲಿ: ಪೆಟ್ಟಿಗೆಯ ಮೇಲೆ ‘ಮೋಷನ್’ ಎಂಬ ಮಾತಿನ ಜೊತೆ 120, 240 ಎಂದು ಬರೆದಿದ್ದರೆ ಅದು ಫಲಕದ ನಿಜವಾದ ವೇಗ ಆಗಿರಲೇಬೇಕೆಂದಿಲ್ಲ. ಪ್ಯಾನೆಲಿನ ರಿಫ್ರೆಶ್ ರೇಟ್ ಎಷ್ಟೆಂದು ಕೇಳಿ.

ನಾಲ್ಕು ಎಚ್‌ಡಿಎಂಐ ಕಿಂಡಿಗಳಿದ್ದರೂ 4ಕೆ ಚಿತ್ರವನ್ನು 120ರ ವೇಗದಲ್ಲಿ ಸ್ವೀಕರಿಸುವುದು ಮೂರನೆಯದು ಮತ್ತು ನಾಲ್ಕನೆಯದು ಮಾತ್ರ. ಮೂರನೆಯದರ ಪಕ್ಕ `eARC` ಎಂದು ಅಚ್ಚಾಗಿದೆ. ಟಿವಿಯ ಧ್ವನಿ ಸೌಂಡ್‌ಬಾರ್‌ಗೆ ಹೊರಹೋಗುವುದು ಅದರಿಂದಲೇ. ಸೌಂಡ್‌ಬಾರನ್ನು ಅಲ್ಲಿ ಜೋಡಿಸಿದರೆ ವೇಗದ ಗೇಮ್ ಕನ್ಸೋಲ್‌ಗೆ ಒಂದೇ ಕಿಂಡಿ ಉಳಿಯುತ್ತದೆ. ಎರಡು ಕನ್ಸೋಲ್ ಇರುವವರು ಇದನ್ನು ಯೋಚಿಸಿ ನಿರ್ಧರಿಸಿ.

5. 65 ಇಂಚು, 4ಕೆ, ಓಎಲ್‌ಇಡಿ, 120 ಹರ್ಟ್ಸ್ — ₹1,49,000

ಪರದೆಯ ಅಗಲ 144 ಸೆಂ.ಮೀ., ಎತ್ತರ 81 ಸೆಂ.ಮೀ. ಇಲ್ಲಿ ಹಿಂದೆ ದೀಪವೇ ಇಲ್ಲ. ಒಂದೊಂದು ಚುಕ್ಕೆಯೂ ತಾನೇ ಬೆಳಗಿ ತಾನೇ ಆರುತ್ತದೆ. ಆದ್ದರಿಂದ ಕಪ್ಪು ಪೂರ್ಣ ಕಪ್ಪು, ಬದಿಯಿಂದಲೂ ಬಣ್ಣ ಮಾಸುವುದಿಲ್ಲ. ರಾತ್ರಿ ಸಿನಿಮಾ ನೋಡುವವರಿಗೆ ನಮ್ಮಲ್ಲಿರುವ ಅತ್ಯುತ್ತಮ ಚಿತ್ರ ಇದರದ್ದೇ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಒಂದೇ ಸುದ್ದಿವಾಹಿನಿ ಓಡುವ ಮನೆಗೆ, ಹೋಟೆಲಿಗೆ ಅಥವಾ ಕ್ಲಿನಿಕ್ಕಿಗೆ ಇದನ್ನು ಕೊಡಲು ನಮಗೆ ಮನಸ್ಸಿಲ್ಲ. ಕದಲದೆ ನಿಲ್ಲುವ ಲಾಂಛನ, ಕೆಳಗಿನ ಸುದ್ದಿಪಟ್ಟಿಗಳ ಗುರುತು ಕಾಲಕ್ರಮದಲ್ಲಿ ಪರದೆಯ ಮೇಲೆ ಅಳಿಸಲಾಗದಂತೆ ಉಳಿಯಬಹುದು. ಬಿಸಿಲು ನೇರ ಬೀಳುವ ಹಾಲ್‌ಗೂ ನಾಲ್ಕನೆಯದೇ ವಾಸಿ. ಕಿಂಡಿಗಳಲ್ಲಿ ನಾಲ್ಕು ಎಚ್‌ಡಿಎಂಐಗಳೂ ಪೂರ್ಣ ವೇಗದವು.

ಸಾಗಣೆ ಮತ್ತು ಜೋಡಣೆ

ಉಡುಪಿ, ಮಣಿಪಾಲ, ಮಲ್ಪೆ, ಬ್ರಹ್ಮಾವರ ಮತ್ತು ಕಾಪುವಿಗೆ ಸಾಗಣೆ ಉಚಿತ. ಕುಂದಾಪುರ, ಸುರತ್ಕಲ್, ಮಂಗಳೂರಿಗೆ ₹400. ಕೆಂಪುಕಲ್ಲಿನ ಗೋಡೆಗೆ ಸಾಮಾನ್ಯ ಗಿಡ್ಡ ಮೊಳೆ ಹಿಡಿಯುವುದಿಲ್ಲವಾದ್ದರಿಂದ ಉದ್ದನೆಯ ಬೋಲ್ಟು ಹಾಕಿ ಕೂರಿಸುತ್ತೇವೆ; ಗೋಡೆ ಪುಡಿಪುಡಿಯಾಗಿ ಉದುರುತ್ತಿದ್ದರೆ ಸ್ಟ್ಯಾಂಡಿನ ಮೇಲೆಯೇ ಇಡಲು ಹೇಳುತ್ತೇವೆ. ಸಮುದ್ರಕ್ಕೆ ತೀರಾ ಸಮೀಪದ ಮನೆಗಳಲ್ಲಿ ಉಪ್ಪುಗಾಳಿಯಿಂದ ಕಿಂಡಿಗಳ ಲೋಹ ಬೇಗ ತುಕ್ಕು ಹಿಡಿಯುತ್ತದೆ, ಬಳಸದ ಕಿಂಡಿಗಳಿಗೆ ರಬ್ಬರ್ ಮುಚ್ಚಳ ಹಾಕಿಸಿಕೊಳ್ಳಿ. ಸಿಡಿಲು ಮಳೆ ಬರುವಾಗ ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ಗನ್ನು ಕಿತ್ತು, ಡಿಶ್‌ನಿಂದ ಬರುವ ವಯರನ್ನೂ ಬಾಕ್ಸ್‌ನಿಂದ ಬಿಡಿಸಿಡಿ, ಏಕೆಂದರೆ ಸಿಡಿಲಿನ ಏಟು ಆ ದಾರಿಯಿಂದ ಎಚ್‌ಡಿಎಂಐ ಕಿಂಡಿಯವರೆಗೂ ಬರಬಹುದು.

ಪೆಟ್ಟಿಗೆಯನ್ನು ನಮ್ಮ ಕೆಲಸಗಾರರ ಎದುರೇ ತೆರೆಸಿ, ಪೂರ್ತಿ ಬಿಳಿ ಹಾಗೂ ಪೂರ್ತಿ ಕಪ್ಪು ಚಿತ್ರವನ್ನು ಹಾಕಿಸಿ, ಸತ್ತ ಚುಕ್ಕೆ ಅಥವಾ ಬಿರುಕು ಇದೆಯೇ ಎಂದು ನೋಡಿದ ಮೇಲೆಯೇ ರಸೀದಿಗೆ ಸಹಿ ಮಾಡಿ. ದೋಷ ಕಂಡರೆ ಅದೇ ಗಾಡಿಯಲ್ಲಿ ವಾಪಸು ತಂದು ಬೇರೆ ಟಿವಿ ಕಳಿಸುತ್ತೇವೆ.